ಬಿಲ್ಲಿನಲ್ಲಿ ಬರೀ ‘ವಜ್ರ’ ಅಂತಿದ್ದರೆ ಸಾಲದು: ಲ್ಯಾಬ್ ವಜ್ರ, ಗಣಿ ವಜ್ರ ಮತ್ತು ಸರ್ಟಿಫಿಕೇಟ್ ಓದುವ ಬಗೆ

ಆಭರಣದಂಗಡಿಯ ಒಂದು ಕೌಂಟರಿನಲ್ಲಿ ಒಂದು ಕ್ಯಾರೆಟ್ಟಿನ ವಜ್ರಕ್ಕೆ ಮೂರೂವರೆ ಲಕ್ಷ ಹೇಳುತ್ತಾರೆ. ಪಕ್ಕದ ಕೌಂಟರಿನಲ್ಲಿ ಅಷ್ಟೇ ದೊಡ್ಡ, ಅಷ್ಟೇ ಹೊಳೆಯುವ ಕಲ್ಲಿಗೆ ಮೂವತ್ತೈದು ಸಾವಿರ. ಮೊದಲನೆಯದು ಗಣಿಯಿಂದ ಬಂದದ್ದು, ಎರಡನೆಯದು ಲ್ಯಾಬಿನಲ್ಲಿ ಬೆಳೆದದ್ದು. ಕಣ್ಣಿಗೆ ಎರಡೂ ಒಂದೇ. ಆಗ ಮನೆಯವರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಲ್ಯಾಬ್ ವಜ್ರ ತಗೊಂಡರೆ ನಾಳೆ ಮಾರೋಕೆ ಹೋದಾಗ ಏನೂ ಸಿಗಲ್ವಂತೆ, ಹೌದಾ?’

ಸುಮಾರಾಗಿ ಹೌದು. ಆದರೆ ಆ ಪ್ರಶ್ನೆಯನ್ನು ಅರ್ಧಕ್ಕೆ ನಿಲ್ಲಿಸಿದರೆ ತಪ್ಪು ಲೆಕ್ಕ ಆಗುತ್ತದೆ. ಗಣಿ ವಜ್ರ ಮಾರಲು ಹೋದಾಗ ಎಷ್ಟು ಕಳೆದುಕೊಳ್ಳುತ್ತೀರಿ ಅನ್ನುವುದನ್ನೂ ಕೇಳಬೇಕು. ಶೇಕಡಾವಾರು ನೋಡಿದರೆ ಬರುವ ಉತ್ತರ ಒಂದು, ರೂಪಾಯಿಯಲ್ಲಿ ನೋಡಿದರೆ ಬರುವ ಉತ್ತರ ಇನ್ನೊಂದು. ಇವೆರಡಕ್ಕಿಂತ ದೊಡ್ಡ ನಷ್ಟ ಆಗುವುದು ಬೇರೆ ಕಡೆ: ಗಣಿ ವಜ್ರದ ದುಡ್ಡು ಕೊಟ್ಟು ಲ್ಯಾಬ್ ವಜ್ರ ಮನೆಗೆ ತಂದಾಗ. ಅದನ್ನು ತಡೆಯಬೇಕಾದ ಕಾಗದವೇ ಸರ್ಟಿಫಿಕೇಟ್. ಅದನ್ನು ಸರಿಯಾಗಿ ಓದುವವರು ಕಡಿಮೆ.

ಮೊದಲಿಗೆ ಒಂದು ಗೊಂದಲ ಬಿಡಿಸಿಕೊಳ್ಳೋಣ. ಲ್ಯಾಬ್ ವಜ್ರ ಅಮೆರಿಕನ್ ಡೈಮಂಡ್ ಅಲ್ಲ. ಅಮೆರಿಕನ್ ಡೈಮಂಡ್ ಅಂದರೆ ಕ್ಯೂಬಿಕ್ ಜಿರ್ಕೋನಿಯ, ಅದು ಬೇರೆಯೇ ವಸ್ತು. ಲ್ಯಾಬ್ ವಜ್ರ ಮಾತ್ರ ಅಪ್ಪಟ ಇಂಗಾಲ. ಗಣಿ ವಜ್ರದಲ್ಲಿ ಪರಮಾಣುಗಳು ಹೇಗೆ ಜೋಡಣೆಯಾಗಿವೆಯೋ ಇದರಲ್ಲೂ ಹಾಗೇ. ಗಡಸುತನ ಅಷ್ಟೇ, ಹೊಳಪೂ ಅಷ್ಟೇ. ಅಂಗಡಿಯವರು ಕಲ್ಲಿಗೆ ಮುಟ್ಟಿಸಿ ‘ಬೀಪ್’ ಅನ್ನಿಸುವ ಪೆನ್ನಿನಂಥ ಟೆಸ್ಟರ್ ಇದೆಯಲ್ಲ, ಅದು ಕಲ್ಲು ಎಷ್ಟು ಬೇಗ ಶಾಖ ಸಾಗಿಸುತ್ತದೆ ಅಂತ ನೋಡುತ್ತದೆ. ಲ್ಯಾಬ್ ವಜ್ರಕ್ಕೂ ಅದು ಬೀಪ್ ಅನ್ನುತ್ತದೆ, ಯಾಕೆಂದರೆ ಅದು ವಜ್ರವೇ. ಹಾಗಾಗಿ ‘ನೋಡಿ ಮೇಡಂ, ಮಷೀನೇ ಹೇಳ್ತಿದೆ’ ಅಂತ ಪೆನ್ನು ತೋರಿಸಿದರೆ, ಅದು ಅಮೆರಿಕನ್ ಡೈಮಂಡ್ ಅಲ್ಲ ಅನ್ನುವುದಷ್ಟೇ ಗೊತ್ತಾಗುತ್ತದೆ. ಗಣಿಯದಾ ಲ್ಯಾಬಿನದಾ ಅನ್ನುವುದು ಗೊತ್ತಾಗುವುದಿಲ್ಲ.

ಹುಟ್ಟುವ ಬಗೆ ಮಾತ್ರ ಬೇರೆ. ಗಣಿ ವಜ್ರ ನೆಲದಡಿ ಸುಮಾರು 150 ಕಿಲೋಮೀಟರ್ ಅಥವಾ ಇನ್ನೂ ಆಳದಲ್ಲಿ, ಹೆಚ್ಚಿನವು ನೂರು ಕೋಟಿ ವರ್ಷಕ್ಕೂ ಹಿಂದೆ ರೂಪುಗೊಂಡು, ಜ್ವಾಲಾಮುಖಿಯ ಕೊಳವೆಗಳ ಮೂಲಕ ಮೇಲೆ ಬಂದದ್ದು. ಲ್ಯಾಬಿನಲ್ಲಿ ಎರಡು ದಾರಿ ಇದೆ. ಒಂದು ಎಚ್‌ಪಿಎಚ್‌ಟಿ. ಇಲ್ಲಿ ಕರಗಿದ ಲೋಹದೊಳಗೆ ಇಂಗಾಲವನ್ನು ಇಟ್ಟು ವಾತಾವರಣದ ಐವತ್ತು ಸಾವಿರ ಪಟ್ಟಿಗೂ ಮಿಕ್ಕಿದ ಒತ್ತಡ, 1300 ಡಿಗ್ರಿಗಿಂತ ಹೆಚ್ಚು ಶಾಖ ಕೊಡುತ್ತಾರೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಟ್ರೇಸಿ ಹಾಲ್ 1954ರ ಡಿಸೆಂಬರ್‌ನಲ್ಲಿ ಹೆಚ್ಚಿನ ಒತ್ತಡದ ಇಂಥ ಯಂತ್ರದಲ್ಲೇ ವಜ್ರ ಮಾಡಿ ತೋರಿಸಿದರು. ಇನ್ನೊಂದು ಸಿವಿಡಿ. ವಜ್ರದ ತೆಳು ಬಿಲ್ಲೆಯನ್ನು ಬೀಜವಾಗಿ ಒಂದು ಪೆಟ್ಟಿಗೆಯೊಳಗೆ ಇಟ್ಟು, ಮೀಥೇನ್ ಮತ್ತು ಹೈಡ್ರೋಜನ್ ಅನಿಲ ಬಿಟ್ಟು, ಮೈಕ್ರೋವೇವ್‌ನಿಂದ ಕಾಯಿಸುತ್ತಾರೆ. ಅನಿಲ ಒಡೆದು ಇಂಗಾಲ ಪದರಪದರವಾಗಿ ಬೀಜದ ಮೇಲೆ ಕೂರುತ್ತದೆ. ಕೆಲವೇ ವಾರಗಳಲ್ಲಿ ಕತ್ತರಿಸಬಹುದಾದ ಕಲ್ಲು ಸಿದ್ಧ. ಭಾರತದಲ್ಲಿ, ಮುಖ್ಯವಾಗಿ ಸೂರತ್ತಿನಲ್ಲಿ, ಬೆಳೆಯುವುದು ಬಹುಪಾಲು ಈ ಸಿವಿಡಿ ವಜ್ರವನ್ನೇ. ಕೇಂದ್ರ ಸರ್ಕಾರ 2023ರ ಬಜೆಟ್‌ನಲ್ಲಿ ಈ ಬೀಜಗಳ ಮೇಲಿನ ಆಮದು ಸುಂಕವನ್ನು ತೆಗೆದುಹಾಕಿತು, ಸಂಶೋಧನೆಗೆ ಮದ್ರಾಸ್ ಐಐಟಿಗೆ ಅನುದಾನವನ್ನೂ ಕೊಟ್ಟಿತು.

ಬೆಲೆ ಯಾಕೆ ಬಿತ್ತು ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಗಣಿಯಲ್ಲಿ ಟನ್‌ಗಟ್ಟಲೆ ಕಲ್ಲು ಒಡೆದರೂ ಎಷ್ಟು ಸಿಗುತ್ತದೆ, ಎಂಥದ್ದು ಸಿಗುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಲ್ಯಾಬಿನಲ್ಲಿ ಇನ್ನೊಂದು ಯಂತ್ರ ಹಾಕಿದರೆ ಇನ್ನಷ್ಟು ವಜ್ರ ಬರುತ್ತದೆ. ಪ್ರತಿ ವರ್ಷ ಯಂತ್ರ ದೊಡ್ಡದಾಗುತ್ತಾ ಹೋಯಿತು, ಒಂದೇ ಸಲಕ್ಕೆ ಹೆಚ್ಚು ಬೀಜ ಇಡುವಂತಾಯಿತು, ಬೇಕಾದ ಬಣ್ಣ ಬರಿಸುವ ಕೌಶಲ ಎಲ್ಲರಿಗೂ ದಕ್ಕಿತು. ಗಣಿ ವಜ್ರದ ದೊಡ್ಡ ಕಂಪನಿಯಾದ ಡಿ ಬೀರ್ಸ್ 2018ರಲ್ಲಿ ಲೈಟ್‌ಬಾಕ್ಸ್ ಹೆಸರಿನಲ್ಲಿ ತಾನೇ ಲ್ಯಾಬ್ ವಜ್ರ ಮಾರಲು ಇಳಿದು ಕ್ಯಾರೆಟ್ಟಿಗೆ 800 ಡಾಲರ್ ಅಂತ ಬೆಲೆ ಇಟ್ಟಾಗ ಪೇಟೆ ಬೆಚ್ಚಿತ್ತು. ಅಷ್ಟು ಅಗ್ಗಕ್ಕೆ ಹೇಗೆ ಅಂತ. ಈಗ ಆ ಬೆಲೆ ಅಗ್ಗ ಅನ್ನಿಸುವುದೇ ಇಲ್ಲ. 2025ರಲ್ಲಿ ಡಿ ಬೀರ್ಸ್ ಆ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿತು. ಸಗಟಿನಲ್ಲಿ ಲ್ಯಾಬ್ ವಜ್ರದ ಬೆಲೆ ಅಂಗಡಿಯಲ್ಲಿ ಹೇಳುವುದಕ್ಕಿಂತ ಎಷ್ಟೋ ಕೆಳಗಿದೆ. ಅಂದರೆ ನೀವು ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಅಂಗಡಿಯ ಮಾರ್ಜಿನ್ನೇ ಆಗಿರುತ್ತದೆ. ನಾಲ್ಕು ಅಂಗಡಿ ಸುತ್ತಿ ಚೌಕಾಸಿ ಮಾಡಿದರೆ ಲ್ಯಾಬ್ ವಜ್ರದಲ್ಲಿ ಲಾಭ ಜಾಸ್ತಿ.

ಗಣಿ ವಜ್ರದ ಬೆಲೆ ಬೀಳುವುದೇ ಇಲ್ಲ ಅಂತ ಮಾತ್ರ ಯಾರೂ ಅಂದುಕೊಳ್ಳಬಾರದು. 2022ರ ಆರಂಭದಲ್ಲಿ ಏರಿದ್ದ ಬೆಲೆ ಆಮೇಲೆ ಚೆನ್ನಾಗಿಯೇ ಇಳಿದಿದೆ. ನಿಶ್ಚಿತಾರ್ಥದ ಉಂಗುರಕ್ಕೆ ಹೋಗುವ ಒಂದು, ಎರಡು ಕ್ಯಾರೆಟ್ಟಿನ ಬಿಳಿ ವಜ್ರಗಳಿಗೆ ಏಟು ಜಾಸ್ತಿ ಬಿತ್ತು. ಅಲ್ಲೇ ತಾನೇ ಲ್ಯಾಬ್ ವಜ್ರ ನೇರ ಪೈಪೋಟಿಗೆ ಬಂದದ್ದು.

ಮಾರಲು ಹೋದಾಗ

ಈಗ ಲೆಕ್ಕ. ಒಂದೇ ತರದ ಎರಡು ಉಂಗುರ ತೆಗೆದುಕೊಳ್ಳೋಣ. ಎರಡರಲ್ಲೂ 18 ಕ್ಯಾರೆಟ್ಟಿನ 4 ಗ್ರಾಂ ಚಿನ್ನ. ಗ್ರಾಂಗೆ 10,000 ರೂಪಾಯಿ ಅಂತ ಹಿಡಿದರೆ ಚಿನ್ನಕ್ಕೆ 40,000. ಮೇಕಿಂಗ್ ಚಾರ್ಜ್ 8,000. ಒಂದರಲ್ಲಿ ಒಂದು ಕ್ಯಾರೆಟ್ಟಿನ ಗಣಿ ವಜ್ರ, 3,50,000. ಇನ್ನೊಂದರಲ್ಲಿ ಅಷ್ಟೇ ತೂಕದ ಲ್ಯಾಬ್ ವಜ್ರ, 35,000. ಎಲ್ಲದರ ಮೇಲೆ ಶೇ 3 ಜಿಎಸ್‌ಟಿ. ಗಣಿ ವಜ್ರದ ಉಂಗುರ 4,09,940 ರೂಪಾಯಿಗೆ ಬಂತು. ಲ್ಯಾಬ್ ವಜ್ರದ್ದು 85,490ಕ್ಕೆ. ಈ ಬೆಲೆಗಳು ಲೆಕ್ಕಕ್ಕೆ ಇಟ್ಟುಕೊಂಡವು. ನಿಮ್ಮ ಊರಿನ ಬಿಲ್ಲಿನ ಅಂಕಿ ಹಾಕಿ ಇದೇ ಲೆಕ್ಕ ಮಾಡಿ ನೋಡಬಹುದು.

ಮೂರು ವರ್ಷದ ಮೇಲೆ ದುಡ್ಡಿನ ಅಗತ್ಯ ಬಿತ್ತು. ಚಿನ್ನದ ಬೆಲೆ ಅಷ್ಟೇ ಇದೆ ಅಂತಿಟ್ಟುಕೊಳ್ಳಿ. ಮೇಕಿಂಗ್ ಚಾರ್ಜ್, ಜಿಎಸ್‌ಟಿ ಎರಡೂ ಹೋದ ದುಡ್ಡು, ಅದು ಯಾವ ಉಂಗುರಕ್ಕೂ ವಾಪಸ್ ಬರುವುದಿಲ್ಲ.

ಗಣಿ ವಜ್ರದ ಉಂಗುರವನ್ನು ಕೊಂಡ ಅಂಗಡಿಗೇ ಒಯ್ದಿರಿ. ಅವರ ಬಿಲ್ಲಿನಲ್ಲಿ ‘ಕಲ್ಲಿನ ಬೆಲೆಯ ಶೇ 80 ನಗದು’ ಅಂತ ಬರೆದಿತ್ತು ಅನ್ನಿ. ಕಲ್ಲಿಗೆ 2,80,000, ಚಿನ್ನಕ್ಕೆ 40,000. ಕೈಗೆ 3,20,000 ಬಂತು, 89,940 ಹೋಯಿತು. ಅದೇ ಉಂಗುರವನ್ನು ಬೇರೆ ಅಂಗಡಿಗೆ ಒಯ್ದರೆ ಚಿತ್ರವೇ ಬೇರೆ. ಅವರಿಗೆ ಅಂಥದ್ದೇ ಕಲ್ಲು ಸಗಟು ಬೆಲೆಗೆ ಮುಂಬೈಯಿಂದಲೋ ಸೂರತ್ತಿನಿಂದಲೋ ಬರುತ್ತದೆ. ಅದಕ್ಕಿಂತ ಜಾಸ್ತಿ ನಿಮಗೆ ಯಾಕೆ ಕೊಡುತ್ತಾರೆ? ಕೊಂಡ ಬೆಲೆಯ ಅರ್ಧ ಹೇಳಿದರೂ ಆಶ್ಚರ್ಯ ಇಲ್ಲ. ಆಗ ಕಲ್ಲಿಗೆ 1,75,000, ಚಿನ್ನಕ್ಕೆ 40,000. ಹೋದದ್ದು 1,94,940.

ಲ್ಯಾಬ್ ವಜ್ರದ ಉಂಗುರಕ್ಕೆ ಬೇರೆ ಅಂಗಡಿಯಲ್ಲಿ ಕಲ್ಲಿಗೆ ಸೊನ್ನೆ ಅಂತಲೇ ಹಿಡಿಯಿರಿ. ಚಿನ್ನದ 40,000 ಮಾತ್ರ ಬಂತು. ಹೋದದ್ದು 45,490.

ನೋಡಿ, ಲ್ಯಾಬ್ ವಜ್ರದ ಕಲ್ಲು ತನ್ನ ಬೆಲೆಯ ನೂರಕ್ಕೆ ನೂರನ್ನೂ ಕಳೆದುಕೊಂಡಿತು. ಗಣಿ ವಜ್ರದ ಕಲ್ಲು ಒಳ್ಳೆಯ ಅಂಗಡಿಯಲ್ಲಿ ಶೇ 20 ಮಾತ್ರ ಕಳೆದುಕೊಂಡಿತು. ಆದರೆ ಮನೆಯಿಂದ ಹೋದ ರೂಪಾಯಿ ಲೆಕ್ಕ ಹಾಕಿದರೆ ಗಣಿ ವಜ್ರದ್ದೇ ಜಾಸ್ತಿ, ಕನಿಷ್ಠ ಎರಡು ಪಟ್ಟು ಹತ್ತಿರ. ಇದರ ಮೇಲೆ, ಲ್ಯಾಬ್ ವಜ್ರ ಕೊಂಡವರ ಹತ್ತಿರ ಮೊದಲ ದಿನವೇ 3,24,450 ರೂಪಾಯಿ ಉಳಿದಿತ್ತು. ಅದು ಬ್ಯಾಂಕಿನಲ್ಲಿದ್ದರೆ ಮೂರು ವರ್ಷದ ಬಡ್ಡಿಯೂ ಸೇರುತ್ತದೆ. ‘ರೀಸೇಲ್ ವ್ಯಾಲ್ಯೂ ಇದೆ’ ಅನ್ನುವ ಒಂದೇ ಮಾತಿಗೆ ಸೋತು ಮೂರು ಲಕ್ಷ ಹೆಚ್ಚು ಕೊಡುವುದು ನನಗಂತೂ ಸರಿ ಕಾಣುವುದಿಲ್ಲ. ಗಣಿ ವಜ್ರವೇ ಬೇಕು, ಅದು ಭೂಮಿಯೊಳಗಿನಿಂದ ಬಂದದ್ದು ಅನ್ನುವ ಕಾರಣಕ್ಕೇ ಬೇಕು ಅನ್ನುವವರ ಮಾತು ಬೇರೆ. ಅವರು ಆ ಕಾರಣಕ್ಕೇ ಕೊಳ್ಳಲಿ. ಆದರೆ ಅದನ್ನು ಉಳಿತಾಯ ಅಂತ ಕರೆಯಬಾರದು. ಚಿನ್ನಕ್ಕೆ ದಿನವೂ ಪೇಪರಿನಲ್ಲಿ ದರ ಬರುತ್ತದೆ, ಯಾವ ಅಂಗಡಿಯಾದರೂ ಆ ದರಕ್ಕೆ ಹತ್ತಿರದಲ್ಲೇ ತಗೊಳ್ಳುತ್ತದೆ. ವಜ್ರಕ್ಕೆ ಅಂಥ ದರ ಇಲ್ಲ. ಒಡವೆ ಅಡವಿಟ್ಟು ಚಿನ್ನದ ಸಾಲ ತೆಗೆಯಲು ಹೋದರೂ ಬ್ಯಾಂಕಿನವರು ಕಲ್ಲಿನ ತೂಕ ಕಳೆದು ಚಿನ್ನಕ್ಕೆ ಮಾತ್ರ ಬೆಲೆ ಕಟ್ಟುತ್ತಾರೆ, ಅದು ಎಷ್ಟು ಲಕ್ಷದ ವಜ್ರವೇ ಆಗಿರಲಿ.

ಬೈಬ್ಯಾಕ್ ಷರತ್ತಿನಲ್ಲಿ ಒಂದು ಪದದ ಮೇಲೆ ಕಣ್ಣಿಡಬೇಕು. ‘ಶೇ 80 ವಾಪಸ್’ ಅಂತ ಲ್ಯಾಬ್ ವಜ್ರದ ಅಂಗಡಿಯವರೂ ಹೇಳುತ್ತಾರೆ. ಯಾವುದರ ಶೇ 80? ಬಿಲ್ಲಿನ ಬೆಲೆಯದ್ದಾ, ಮಾರುವ ದಿನದ ಬೆಲೆಯದ್ದಾ? ನಮ್ಮ 35,000ದ ಕಲ್ಲು ಮೂರು ವರ್ಷದಲ್ಲಿ 15,000ಕ್ಕೆ ಇಳಿದಿದ್ದರೆ, ‘ಅಂದಿನ ಬೆಲೆಯ ಶೇ 80’ ಅಂದರೆ 12,000. ಬಿಲ್ ಬೆಲೆಯ ಶೇ 80 ಅಂದರೆ 28,000. ಬಾಯಲ್ಲಿ ಎರಡೂ ಒಂದೇ ತರ ಕೇಳಿಸುತ್ತವೆ. ಹಾಗೇ ಎಕ್ಸ್‌ಚೇಂಜ್ ಬೇರೆ, ನಗದು ಬೇರೆ. ಎಕ್ಸ್‌ಚೇಂಜಿಗೆ ಶೇ 100 ಅಂದರೂ ಹೊಸ ಒಡವೆಯ ಮೇಕಿಂಗ್ ಚಾರ್ಜ್ ಮತ್ತು ಜಿಎಸ್‌ಟಿಯನ್ನು ನೀವೇ ಮತ್ತೊಮ್ಮೆ ಕೊಡುತ್ತೀರಿ. ಸರ್ಟಿಫಿಕೇಟ್ ಕಳೆದುಹೋದರೆ ಬೈಬ್ಯಾಕ್ ಇಲ್ಲ ಅನ್ನುವ ಷರತ್ತೂ ಕೆಲವು ಕಡೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಇದೆಲ್ಲ ಬಿಲ್ಲಿನ ಮೇಲೆ ಬರಹದಲ್ಲಿ ಬರಬೇಕು.

ಸರ್ಟಿಫಿಕೇಟಿನಲ್ಲಿ ಎಲ್ಲಿ ನೋಡಬೇಕು

ಸರ್ಟಿಫಿಕೇಟ್ ಅಂತ ನಾವು ಕರೆಯುವ ಕಾಗದಕ್ಕೆ ವಜ್ರ ಪರೀಕ್ಷಿಸುವ ಲ್ಯಾಬ್‌ಗಳು ‘ಗ್ರೇಡಿಂಗ್ ರಿಪೋರ್ಟ್’ ಅನ್ನುತ್ತವೆ. ಕಲ್ಲು ಏನು, ಎಷ್ಟು ತೂಕ, ಬಣ್ಣ ಯಾವುದು, ಒಳಗೆ ಎಷ್ಟು ಚುಕ್ಕೆ, ಕಟ್ಟಿಂಗ್ ಹೇಗಿದೆ ಅಂತ ಪರೀಕ್ಷೆ ಮಾಡಿ ಕೊಟ್ಟ ವರದಿ ಅದು. ಬಿಡಿ ಕಲ್ಲಿನ ಗ್ರೇಡಿಂಗ್ ರಿಪೋರ್ಟಿನಲ್ಲಿ ಬೆಲೆ ಇರುವುದಿಲ್ಲ. ಅಂಗಡಿಯವರೇ ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿದ ಕಾರ್ಡು, ಅದರಲ್ಲಿ ದೊಡ್ಡದೊಂದು ಬೆಲೆ, ‘ಅಸಲಿ ವಜ್ರ’ ಅನ್ನುವ ಮೊಹರು ಇದ್ದರೆ ಅದು ಸ್ವತಂತ್ರ ಲ್ಯಾಬಿನ ವರದಿ ಅಲ್ಲ. ಭಾರತದಲ್ಲಿ ಹೆಚ್ಚು ಕಾಣಸಿಗುವುದು ಐಜಿಐ ವರದಿ. ಅಮೆರಿಕದ ಜಿಐಎ ವರದಿ ದೊಡ್ಡ ಗಣಿ ವಜ್ರಗಳ ಜೊತೆ ಬರುತ್ತದೆ. ಇನ್ನೂ ಬೇರೆ ಲ್ಯಾಬ್‌ಗಳಿವೆ.

ಎಲ್ಲರ ಕಣ್ಣೂ ಮೊದಲು ಹೋಗುವುದು ಬಣ್ಣದ ದರ್ಜೆ ಹೇಳುವ ‘ಡಿ’, ‘ಇ’, ‘ಎಫ್’ ಅಕ್ಷರಕ್ಕೆ; ಬಣ್ಣವೇ ಇಲ್ಲದ್ದು ‘ಡಿ’. ಅದಕ್ಕಿಂತ ಮುಂಚೆ ತಲೆಬರಹ ಓದಿ. ಗಣಿ ವಜ್ರವಾದರೆ ‘ನ್ಯಾಚುರಲ್ ಡೈಮಂಡ್’ ಅನ್ನುವ ವಿವರಣೆ ಇರುತ್ತದೆ. ಲ್ಯಾಬಿನದಾದರೆ ‘ಲ್ಯಾಬೊರೇಟರಿ ಗ್ರೋನ್ ಡೈಮಂಡ್’ ಅಂತ ತಲೆಬರಹದಲ್ಲೂ ವಿವರಣೆಯ ಸಾಲಿನಲ್ಲೂ ಇರುತ್ತದೆ. ಐಜಿಐ ಲ್ಯಾಬ್ ವಜ್ರಕ್ಕೆ ಕೊಡುವ ವರದಿ ಸಂಖ್ಯೆಯೇ ‘ಎಲ್‌ಜಿ’ ಅನ್ನುವ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುತ್ತದೆ. ಅಂಗಡಿಯಲ್ಲಿ ಕಾಗದದ ಮೇಲ್ಭಾಗ ಮಡಚಿ ಗ್ರೇಡು ಮಾತ್ರ ತೋರಿಸಿದರೂ ಆ ಸಂಖ್ಯೆಯೊಂದೇ ಸಾಕು, ವಿಷಯ ಗೊತ್ತಾಗುತ್ತದೆ.

ಆಮೇಲೆ ಕೆಳಗಿನ ‘ಕಾಮೆಂಟ್ಸ್’ ಭಾಗಕ್ಕೆ ಇಳಿಯಿರಿ. ಸಾಮಾನ್ಯವಾಗಿ ಯಾರೂ ಓದದ ಜಾಗ ಅದು. ಲ್ಯಾಬ್ ವಜ್ರದ ವರದಿಯಲ್ಲಿ ಅಲ್ಲಿ ಕಲ್ಲು ಸಿವಿಡಿ ವಿಧಾನದಲ್ಲಿ ಬೆಳೆದದ್ದೋ ಎಚ್‌ಪಿಎಚ್‌ಟಿಯಲ್ಲಿ ಬೆಳೆದದ್ದೋ, ಬೆಳೆದ ಮೇಲೆ ಬಣ್ಣ ತಿದ್ದಲು ಏನಾದರೂ ಸಂಸ್ಕರಣೆ ಆಗಿರಬಹುದೋ ಅನ್ನುವ ಒಂದೆರಡು ಸಾಲು ಇರುತ್ತದೆ. ಸಿವಿಡಿ ವಜ್ರ ಹಲವು ಸಲ ಸ್ವಲ್ಪ ಕಂದು ಛಾಯೆಯಲ್ಲಿ ಬೆಳೆಯುತ್ತದೆ. ಅದನ್ನು ಮತ್ತೆ ಹೆಚ್ಚಿನ ಶಾಖ, ಒತ್ತಡದಲ್ಲಿ ಇಟ್ಟು ಬಿಳಿ ಮಾಡುತ್ತಾರೆ. ತಪ್ಪೇನಿಲ್ಲ, ಆದರೆ ಹೇಳಬೇಕು.

ಇಲ್ಲೊಂದು ಕಡೆ ಓದುವವರು ಎಡವುತ್ತಾರೆ. ಎಚ್‌ಪಿಎಚ್‌ಟಿ ಅನ್ನುವ ಅಕ್ಷರ ಗಣಿ ವಜ್ರದ ವರದಿಯಲ್ಲೂ ಬರಬಹುದು. ಕಂದು ಬಣ್ಣದ ಗಣಿ ವಜ್ರವನ್ನು ಅದೇ ಯಂತ್ರದಲ್ಲಿ ಹಾಕಿ ಬಣ್ಣ ಕಳೆದಿದ್ದರೆ ವರದಿ ಅದನ್ನು ಹೇಳುತ್ತದೆ. ಅಂಥ ಕಲ್ಲು ಗಣಿಯದ್ದೇ ಹೌದು, ಆದರೆ ಹುಟ್ಟಿನಿಂದ ಬಿಳಿ ಇದ್ದ ಕಲ್ಲಿನ ಬೆಲೆ ಅದಕ್ಕಿಲ್ಲ. ‘ನ್ಯಾಚುರಲ್’ ಅನ್ನುವುದನ್ನು ನೋಡಿ ಕಾಗದ ಮುಚ್ಚಿಬಿಟ್ಟರೆ ಇದು ತಪ್ಪಿಹೋಗುತ್ತದೆ.

ಲ್ಯಾಬ್ ವಜ್ರದ ಗ್ರೇಡಿನ ಬಗ್ಗೆಯೂ ಒಂದು ಬದಲಾವಣೆ ತಿಳಿದಿರಬೇಕು. ಜಿಐಎ 2019ರಲ್ಲಿ ತನ್ನ ವರದಿಯಿಂದ ‘ಸಿಂಥೆಟಿಕ್’ ಅನ್ನುವ ಪದ ತೆಗೆದು ‘ಲ್ಯಾಬೊರೇಟರಿ ಗ್ರೋನ್’ ಅಂತ ಮಾಡಿತ್ತು. ಆಮೇಲೆ ಗಣಿ ವಜ್ರಕ್ಕೆ ಕೊಡುವಂತೆಯೇ ಬಣ್ಣ, ಸ್ಪಷ್ಟತೆಯ ಪೂರ್ತಿ ಗ್ರೇಡನ್ನೂ ಕೊಡುತ್ತಿತ್ತು. 2025ರ ಅಕ್ಟೋಬರ್‌ನಿಂದ ಅದನ್ನು ನಿಲ್ಲಿಸಿದೆ. ಈಗ ಲ್ಯಾಬ್ ವಜ್ರಕ್ಕೆ ‘ಪ್ರೀಮಿಯಂ’ ಅಥವಾ ‘ಸ್ಟ್ಯಾಂಡರ್ಡ್’ ಅಂತ ಎರಡೇ ದರ್ಜೆ. ಪೇಟೆಗೆ ಬರುವ ಲ್ಯಾಬ್ ವಜ್ರಗಳಲ್ಲಿ ಶೇ 95ಕ್ಕೂ ಹೆಚ್ಚು ಕಲ್ಲುಗಳು ಬಣ್ಣ, ಸ್ಪಷ್ಟತೆಯಲ್ಲಿ ಬಹಳ ಕಿರಿದಾದ ಒಂದೇ ವ್ಯಾಪ್ತಿಯೊಳಗೆ ಬೀಳುತ್ತವೆ ಅನ್ನುವುದು ಅವರು ಕೊಟ್ಟ ಕಾರಣ. ಇದು ಕೊಳ್ಳುವವರಿಗೆ ಕೆಲಸಕ್ಕೆ ಬರುವ ಮಾತು. ಗಣಿ ವಜ್ರದಲ್ಲಿ ‘ಡಿ’ ಬಣ್ಣ ಅಪರೂಪ, ಅದಕ್ಕೇ ಬೆಲೆ. ಲ್ಯಾಬಿನಲ್ಲಿ ‘ಡಿ’, ‘ಇ’ ಬಣ್ಣಗಳೇ ಮಾಮೂಲು. ಅದಕ್ಕೆ ಗಣಿ ವಜ್ರದ ಲೆಕ್ಕದಲ್ಲಿ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ. ಐಜಿಐ ಮಾತ್ರ ಹಳೆಯ ರೀತಿಯಲ್ಲೇ ಪೂರ್ತಿ ಗ್ರೇಡ್ ಕೊಡುವುದನ್ನು ಮುಂದುವರಿಸಿದೆ.

ಕಾಗದ ಓದಿಯಾಯಿತು. ಈಗ ಕಾಗದ ಹೇಳುವ ಕಲ್ಲು ಇದೇನಾ? ವಜ್ರದ ಅತಿ ಅಗಲವಾದ ಜಾಗದಲ್ಲಿ ಸುತ್ತ ಒಂದು ಸಣ್ಣ ಅಂಚು ಇರುತ್ತದೆ, ಗರ್ಡಲ್ ಅನ್ನುತ್ತಾರೆ. ಅದರ ಮೇಲೆ ಲೇಸರ್‌ನಿಂದ ವರದಿ ಸಂಖ್ಯೆ ಕೆತ್ತಿರುತ್ತಾರೆ. ಲ್ಯಾಬ್ ವಜ್ರದಲ್ಲಿ ಸಂಖ್ಯೆಯ ಜೊತೆ ‘ಲ್ಯಾಬ್ ಗ್ರೋನ್’ ಅಥವಾ ‘ಲ್ಯಾಬೊರೇಟರಿ ಗ್ರೋನ್’ ಅನ್ನುವ ಮಾತೂ ಇರುತ್ತದೆ. ಬರಿಗಣ್ಣಿಗೆ ಕಾಣುವುದಿಲ್ಲ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಅನ್ನುವ ಮಸೂರ ಬೇಕು. ಅಂಗಡಿಯವರನ್ನೇ ಕೇಳಿ, ಮೈಕ್ರೋಸ್ಕೋಪಿನಲ್ಲಿ ತೋರಿಸುತ್ತಾರೆ. ಆ ಸಂಖ್ಯೆಯನ್ನು ಲ್ಯಾಬಿನ ವೆಬ್‌ಸೈಟಿನಲ್ಲಿ ಹಾಕಿದರೆ ವರದಿ ತೆರೆದುಕೊಳ್ಳುತ್ತದೆ. ಕಾಗದದ ಮೇಲಿನ ಕ್ಯೂಆರ್ ಕೋಡ್ ನಂಬಬೇಡಿ, ಅದನ್ನೂ ಅಚ್ಚು ಹಾಕಿದವರು ತಮಗೆ ಬೇಕಾದ ಕಡೆಗೆ ಕಳಿಸಬಹುದು. ವಿಳಾಸವನ್ನು ನೀವೇ ಟೈಪ್ ಮಾಡಿ.

ಸಂಖ್ಯೆ ತಾಳೆಯಾದರೆ ಮುಗಿಯಿತು ಅಂತಲೂ ಇಲ್ಲ. 2024ರಲ್ಲಿ ಇಸ್ರೇಲ್‌ನ ಟೆಲ್ ಅವಿವ್‌ನಲ್ಲಿರುವ ಐಜಿಐ ಲ್ಯಾಬಿಗೆ ಬಂದಿದ್ದ ಆರು ಕ್ಯಾರೆಟ್ಟಿನ ಒಂದು ಕಲ್ಲು ಲ್ಯಾಬ್ ವಜ್ರವಾಗಿತ್ತು. ಅದರ ಗರ್ಡಲ್ ಮೇಲೆ ಒಂದು ಗಣಿ ವಜ್ರದ ಜಿಐಎ ಸಂಖ್ಯೆ ಕೆತ್ತಲಾಗಿತ್ತು. ತೂಕ, ಅಳತೆಗಳೂ ಆ ಗಣಿ ವಜ್ರಕ್ಕೆ ಬಹಳ ಹತ್ತಿರ ಬರುವಂತೆ ಕಲ್ಲನ್ನು ಕತ್ತರಿಸಿದ್ದರು. ವೆಬ್‌ಸೈಟಿನಲ್ಲಿ ಸಂಖ್ಯೆ ಹಾಕಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ದೊಡ್ಡ ಕಲ್ಲಿನಲ್ಲಿ ಲಾಭ ದೊಡ್ಡದು, ಅದಕ್ಕೇ ಇಷ್ಟು ಶ್ರಮ ಹಾಕುತ್ತಾರೆ. ಹಾಗಾಗಿ ಲಕ್ಷಗಟ್ಟಲೆ ಕೊಡುವಾಗ ತೂಕವನ್ನು ಎರಡನೇ ದಶಮಾಂಶದವರೆಗೆ, ಅಳತೆಯನ್ನು ಮಿಲಿಮೀಟರಿನ ನೂರನೇ ಭಾಗದವರೆಗೆ ಹೋಲಿಸಿ ನೋಡಬೇಕು. ವರದಿಯಲ್ಲಿ ಕಲ್ಲಿನೊಳಗಿನ ಚುಕ್ಕೆಗಳ ನಕ್ಷೆ ಇದ್ದರೆ ಅದನ್ನೂ ಮೈಕ್ರೋಸ್ಕೋಪಿನಲ್ಲಿ ತಾಳೆ ಹಾಕಿಸಬೇಕು. ಅಳತೆಯನ್ನು ನಕಲು ಮಾಡಬಹುದು, ಒಳಗಿನ ಚುಕ್ಕೆಯನ್ನು ಅದೇ ಜಾಗದಲ್ಲಿ ಅದೇ ಆಕಾರದಲ್ಲಿ ತರುವುದು ಕಷ್ಟ. ಅನುಮಾನ ಉಳಿದರೆ ಬಿಡಿ ಕಲ್ಲನ್ನು ಇನ್ನೊಂದು ಲ್ಯಾಬಿಗೆ ಕೊಟ್ಟು, ಅದರ ವರದಿ ಬಂದ ಮೇಲೆ ಪೂರ್ತಿ ದುಡ್ಡು ಕೊಡುವ ಒಪ್ಪಂದ ಮಾಡಿಕೊಳ್ಳಬಹುದು.

ಲ್ಯಾಬ್‌ಗಳು ಹೇಗೆ ಕಂಡುಹಿಡಿಯುತ್ತವೆ? ಮುಖ್ಯ ಸುಳಿವು ಸಾರಜನಕ. ಗಣಿ ವಜ್ರ ಭೂಮಿಯೊಳಗೆ ಅಷ್ಟೊಂದು ಕಾಲ ಕೂತಿರುವಾಗ ಅದರೊಳಗಿನ ಸಾರಜನಕದ ಪರಮಾಣುಗಳು ಮೆಲ್ಲಗೆ ಸರಿದು ಗುಂಪುಗಟ್ಟುತ್ತವೆ. ಹೆಚ್ಚುಕಡಿಮೆ ನೂರರಲ್ಲಿ ತೊಂಬತ್ತೈದು ಗಣಿ ವಜ್ರಗಳಲ್ಲಿ ಈ ಗುಂಪು ಇರುತ್ತದೆ. ಕೆಲವು ವಾರಗಳಲ್ಲಿ ಬೆಳೆದ ಬಿಳಿ ಲ್ಯಾಬ್ ವಜ್ರದಲ್ಲಿ ಸಾರಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಯಂತ್ರ ಕಲ್ಲಿನ ಮೇಲೆ ಬೆಳಕು ಹಾಯಿಸಿ ಈ ಗುಂಪಿನ ಗುರುತು ಇದೆಯಾ ಅಂತ ನೋಡುತ್ತದೆ. ಇದ್ದರೆ ಗಣಿ ವಜ್ರ. ಇಲ್ಲದಿದ್ದರೆ ‘ಇನ್ನೂ ಪರೀಕ್ಷೆ ಬೇಕು’ ಅನ್ನುತ್ತದೆ. ಇದನ್ನು ಗಮನಿಸಿ. ಯಂತ್ರ ಅದನ್ನು ‘ಲ್ಯಾಬ್ ವಜ್ರ’ ಅಂತ ಹೇಳಲಿಲ್ಲ. ಸಾರಜನಕ ಕಡಿಮೆ ಇರುವ ಗಣಿ ವಜ್ರಗಳೂ ಕೆಲವು ಇವೆ, ಅವು ಬಹಳ ದುಬಾರಿ ಕಲ್ಲುಗಳೂ ಹೌದು. ಅಂಥವನ್ನು ಲ್ಯಾಬಿನಲ್ಲಿ ನೇರಳಾತೀತ ಬೆಳಕಿನಡಿ ಇಟ್ಟು ಕಲ್ಲು ಬೆಳೆದ ಗೆರೆಗಳನ್ನು ನೋಡಿ ತೀರ್ಮಾನಿಸುತ್ತಾರೆ. ಸಿವಿಡಿಯಲ್ಲಿ ಪದರಗಳ ಗೆರೆ ಕಾಣುತ್ತದೆ, ಎಚ್‌ಪಿಎಚ್‌ಟಿಯಲ್ಲಿ ಮೂಲೆಮೂಲೆಯಾಗಿ ಬೆಳೆದ ಆಕಾರ ಕಾಣುತ್ತದೆ.

ಏಳು ಕಲ್ಲಿನ ಓಲೆಯ ಕಥೆ

ಇಲ್ಲಿವರೆಗೆ ಹೇಳಿದ್ದು ಒಂಟಿ ದೊಡ್ಡ ಕಲ್ಲಿನ ಮಾತು. ನಮ್ಮ ಮನೆಗಳಲ್ಲಿ ವಜ್ರ ಅಂದರೆ ಹೆಚ್ಚಾಗಿ ಏಳು ಕಲ್ಲಿನ ಓಲೆ, ಮೂಗುಬೊಟ್ಟು, ಬಳೆ, ನೆಕ್ಲೇಸು. ಎಲ್ಲ ಸಣ್ಣ ಕಲ್ಲು. ನಿಜವಾದ ಅಪಾಯ ಇರುವುದು ಇಲ್ಲೇ.

ಒಂದು ಜೊತೆ ಓಲೆಯಲ್ಲಿ 14 ಕಲ್ಲು. ಒಂದೊಂದೂ 8 ಸೆಂಟ್ ಅನ್ನಿ, ನೂರು ಸೆಂಟಿಗೆ ಒಂದು ಕ್ಯಾರೆಟ್. ಒಟ್ಟು 1.12 ಕ್ಯಾರೆಟ್. ಗಣಿಯ ಸಣ್ಣ ಕಲ್ಲಿಗೆ ಕ್ಯಾರೆಟ್ಟಿಗೆ 70,000, ಲ್ಯಾಬಿನದಕ್ಕೆ 20,000 ಅಂತ ಲೆಕ್ಕಕ್ಕೆ ಹಿಡಿದರೆ, ಹದಿನಾಲ್ಕರಲ್ಲಿ ಮೂರೇ ಮೂರು ಲ್ಯಾಬ್ ಕಲ್ಲು ಸೇರಿಸಿದರೂ ಜೊತೆಗೆ 12,000 ರೂಪಾಯಿ ಉಳಿಯುತ್ತದೆ. ಸಾವಿರಾರು ಕಲ್ಲಿನ ಪೊಟ್ಟಣದಲ್ಲಿ ಸೇರಿಸಿದರೆ ಎಷ್ಟಾಗುತ್ತದೆ ನೋಡಿ. ಅಂಗಡಿಯವರಿಗೇ ಗೊತ್ತಿಲ್ಲದೆ ಸಗಟು ಪೊಟ್ಟಣದಲ್ಲಿ ಬೆರಕೆ ಬಂದಿರಲೂಬಹುದು. ಇದು ಇಂದು ನಿನ್ನೆಯದಲ್ಲ. 2012ರಲ್ಲೇ ಐಜಿಐಗೆ ಗಣಿ ವಜ್ರ ಅಂತ ಕಳಿಸಿದ್ದ ಒಂದು ಕಂತಿನಲ್ಲಿ ನೂರಾರು ಸಿವಿಡಿ ಕಲ್ಲು ಪತ್ತೆಯಾಗಿ ದೊಡ್ಡ ಸುದ್ದಿಯಾಗಿತ್ತು.

ಇಷ್ಟು ಸಣ್ಣ ಕಲ್ಲಿಗೆ ಒಂದೊಂದಕ್ಕೂ ವರದಿ ಮಾಡಿಸುವುದಿಲ್ಲ, ಗರ್ಡಲ್ ಮೇಲೆ ಸಂಖ್ಯೆಯನ್ನೂ ಕೆತ್ತಿಸುವುದಿಲ್ಲ. ಓಲೆಗೆಲ್ಲ ಸೇರಿ ಒಂದು ‘ಜ್ಯುವೆಲರಿ ರಿಪೋರ್ಟ್’ ಬರುತ್ತದೆ, ಫೋಟೊ ಇರುವ ಒಂದು ಪುಟ್ಟ ಕಾರ್ಡು. ಅದರಲ್ಲಿ ಬಣ್ಣ ‘ಜಿ–ಎಚ್’ ಅಂತ ಒಂದು ವ್ಯಾಪ್ತಿ ಇರುತ್ತದೆ, ತೂಕ ಅಂದಾಜಿನದ್ದಾಗಿರಬಹುದು. ‘ಕಲ್ಲು ಕೂರಿಸಿದ ಕಟ್ಟು ಅವಕಾಶ ಕೊಟ್ಟಷ್ಟರ ಮಟ್ಟಿಗೆ’ ಪರೀಕ್ಷೆ ಮಾಡಿದೆ ಅನ್ನುವ ಅರ್ಥದ ಸಾಲೂ ಇರುತ್ತದೆ. ಕಲ್ಲು ಬಿಚ್ಚದೆ ತೂಗಲು ಆಗುವುದಿಲ್ಲವಲ್ಲ, ಅದಕ್ಕೆ. ನಮ್ಮ ಹಳೇ ಶೈಲಿಯ ಓಲೆಯಲ್ಲಿ ಕಲ್ಲಿನ ಹಿಂಭಾಗ ಚಿನ್ನದಿಂದ ಪೂರ್ತಿ ಮುಚ್ಚಿರುತ್ತದೆ, ಅಲ್ಲಿ ಪರೀಕ್ಷೆ ಇನ್ನೂ ಕಷ್ಟ. ಆ ಕಾರ್ಡಿನಲ್ಲೂ ‘ನ್ಯಾಚುರಲ್’ ಅನ್ನುವ ಪದ ಇದೆಯಾ ಅಂತಲೇ ಮೊದಲು ನೋಡಬೇಕು. ಒಡವೆಯ ಮೇಲಿರುವ ಬಿಐಎಸ್ ಹಾಲ್‌ಮಾರ್ಕ್ ಮತ್ತು ಆರು ಅಕ್ಷರದ ಎಚ್‌ಯುಐಡಿ ಚಿನ್ನದ ಶುದ್ಧತೆಯದ್ದು ಮಾತ್ರ. ಅದಕ್ಕೂ ವಜ್ರಕ್ಕೂ ಸಂಬಂಧವೇ ಇಲ್ಲ.

ಓಲೆ ಮಾಡಿಸಲು ಕೊಡುವಾಗ ಕೂರಿಸುವ ಮುಂಚೆಯೇ ಹದಿನಾಲ್ಕೂ ಕಲ್ಲನ್ನು ಸ್ಕ್ರೀನಿಂಗ್ ಯಂತ್ರದಲ್ಲಿ ನೋಡಿಸುವುದು ಒಳ್ಳೆಯದು. ಕೂರಿಸಿದ ಒಡವೆಯಾದರೆ ಜಿಐಎಯ ಐಡಿ100ರಂತೆ ಕಲ್ಲಿಗೆ ತುದಿ ತಾಗಿಸಿ ನೋಡುವ ಯಂತ್ರಗಳಿವೆ. ದೊಡ್ಡ ಅಂಗಡಿಗಳು ಇಂಥವನ್ನು ಇಟ್ಟುಕೊಳ್ಳುತ್ತಿವೆ. ಒಂದೊಂದೇ ಕಲ್ಲು ನಿಮ್ಮ ಮುಂದೆಯೇ ಪರೀಕ್ಷೆಯಾಗಲಿ, ಎಲ್ಲದಕ್ಕೂ ಫಲಿತಾಂಶ ಬರಲಿ. ನಾಲ್ಕು ನೋಡಿ ‘ಎಲ್ಲ ಒಂದೇ ಲಾಟಿಂದು’ ಅಂದರೆ ಒಪ್ಪಬೇಡಿ, ಬೆರಕೆ ಆಗುವುದೇ ಲಾಟಿನಲ್ಲಿ.

ಬಿಲ್ಲಿನಲ್ಲಿ ಏನಿರಬೇಕು

ಅಂತರರಾಷ್ಟ್ರೀಯ ಮಾನಕ ಐಎಸ್‌ಒ 18323 ಬಂದದ್ದು 2015ರಲ್ಲಿ. ಅದರ ಪ್ರಕಾರ ಬರೀ ‘ವಜ್ರ’ ಅಂದರೆ ಗಣಿ ವಜ್ರ ಮಾತ್ರ. ಲ್ಯಾಬಿನದಕ್ಕೆ ಅದನ್ನು ಪೂರ್ತಿಯಾಗಿ, ಸ್ಪಷ್ಟವಾಗಿ ಹೇಳಬೇಕು. ಭಾರತೀಯ ಮಾನಕ ಬ್ಯೂರೊ ಅದನ್ನೇ ಆಧಾರ ಮಾಡಿಕೊಂಡು ನಮ್ಮ ದೇಶದ ಮಾನಕವನ್ನೂ ಹೊರಡಿಸಿದೆ. ಅಮೆರಿಕದಲ್ಲಿ ಸ್ವಲ್ಪ ಬೇರೆ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ ವಜ್ರದ ವ್ಯಾಖ್ಯೆಯಿಂದ ‘ನೈಸರ್ಗಿಕ’ ಅನ್ನುವ ಪದವನ್ನು ತೆಗೆಯಿತು, ಆದರೆ ಲ್ಯಾಬಿನದಾದರೆ ಅದನ್ನು ಹೇಳಲೇಬೇಕು ಅನ್ನುವ ನಿಯಮ ಉಳಿಸಿಕೊಂಡಿತು. ಅಲ್ಲಿಂದ ಮಕ್ಕಳು ತಂದ ಉಂಗುರವನ್ನು ಇಲ್ಲಿ ಮಾರಲು ಹೋಗುವವರು ಬಿಲ್ಲನ್ನೂ ವರದಿಯನ್ನೂ ಜೊತೆಗೆ ತರಿಸಿಕೊಳ್ಳಬೇಕು.

ಇಲ್ಲಿನ ಬಿಲ್ಲಿನಲ್ಲಿ ‘ಡೈಮಂಡ್ 1.12 ಕ್ಯಾರೆಟ್’ ಅಂತ ಒಂದು ಸಾಲು ಬರೆದು ಕೊಟ್ಟರೆ ಸುಮ್ನೆ ತಗೊಂಡು ಬರಬೇಡಿ. ‘ನ್ಯಾಚುರಲ್ ಡೈಮಂಡ್’ ಅಥವಾ ‘ಲ್ಯಾಬೊರೇಟರಿ ಗ್ರೋನ್ ಡೈಮಂಡ್, ಸಿವಿಡಿ’ ಅಂತ ಪೂರ್ತಿ ಬರೆಸಿ. ಎಷ್ಟು ಕಲ್ಲು, ಒಟ್ಟು ತೂಕ, ಕಲ್ಲಿನ ಬೆಲೆ, ಚಿನ್ನದ ಬೆಲೆ, ಮೇಕಿಂಗ್ ಚಾರ್ಜ್ ಬೇರೆಬೇರೆಯಾಗಿ ಇರಲಿ. ವರದಿ ಸಂಖ್ಯೆ ಬಿಲ್ಲಿನಲ್ಲೂ ಬರಲಿ, ಆಗ ಕಾಗದ ಮತ್ತು ಒಡವೆ ಒಂದಕ್ಕೊಂದು ಕಟ್ಟಿದಂತಾಗುತ್ತದೆ. ಬಿಡಿ ಕಲ್ಲು ಕೊಂಡರೆ ಬಿಲ್ಲಿನಲ್ಲಿ ಸರಕಿನ ಬಗೆ ತಿಳಿಸುವ ಎಚ್‌ಎಸ್‌ಎನ್ ಕೋಡನ್ನೂ ನೋಡಬಹುದು. ಗಣಿ ವಜ್ರಕ್ಕೆ 7102ರಿಂದ, ಲ್ಯಾಬ್ ವಜ್ರಕ್ಕೆ 7104ರಿಂದ ಶುರುವಾಗುತ್ತದೆ. ಒಡವೆಗೆ ಕೂರಿಸಿದ ಮೇಲೆ ಎರಡಕ್ಕೂ ಆಭರಣದ 7113 ಬರುವುದರಿಂದ ಅಲ್ಲಿ ಈ ಉಪಾಯ ನಡೆಯುವುದಿಲ್ಲ.

ಗಣಿ ವಜ್ರ ಅಂತ ಕೊಂಡದ್ದು ಆಮೇಲೆ ಲ್ಯಾಬಿನದು ಅಂತ ಗೊತ್ತಾದರೆ ಬಿಲ್ಲು, ಹಳೇ ವರದಿ, ಹೊಸ ಲ್ಯಾಬಿನ ವರದಿ ಮೂರನ್ನೂ ಇಟ್ಟುಕೊಂಡು ಮೊದಲು ಅಂಗಡಿಗೆ ಬರಹದಲ್ಲಿ ದೂರು ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಅಲ್ಲಿ ದೂರಿಗೆ ಶುಲ್ಕ ಇಲ್ಲ. ದೂರು ಕೊಡಲು ಎರಡು ವರ್ಷದ ಗಡುವಿದೆ. ಓಲೆ ಕೊಂಡು ಲಾಕರಿನಲ್ಲಿಟ್ಟು ಹತ್ತು ವರ್ಷದ ಮೇಲೆ ಪರೀಕ್ಷೆ ಮಾಡಿಸುವ ಬದಲು, ಕೊಂಡ ತಿಂಗಳಲ್ಲೇ ಬೇರೆ ಕಡೆ ಒಮ್ಮೆ ಸ್ಕ್ರೀನಿಂಗ್ ಮಾಡಿಸಿಬಿಡಿ.